ಎರಡೂವರೆ ಸಾವಿರ ಬಿಡಿಭಾಗ, ಒಂದು ಪರದೆ

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರ ಕಟ್ಟುವ ಹಲವು ಕಾರ್ಖಾನೆಗಳಲ್ಲಿ ಈಗ ಕಬ್ಬಿಣ ಕತ್ತರಿಸುವ ಮೊದಲೇ ಇಡೀ ಯಂತ್ರ ಕಂಪ್ಯೂಟರಿನಲ್ಲಿ ನಿಂತಿರುತ್ತದೆ. ಡಿಸೈನರ್ ಒಂದೊಂದು ಬಿಡಿಭಾಗವನ್ನೂ ಮೂರು ಆಯಾಮದಲ್ಲಿ ರೂಪಿಸುತ್ತಾರೆ, ಆಮೇಲೆ ಅವನ್ನೆಲ್ಲ ಪರದೆಯ ಮೇಲೆಯೇ ಜೋಡಿಸುತ್ತಾರೆ. ಈ ಜೋಡಣೆಗೆ ಅಸೆಂಬ್ಲಿ ಎಂದು ಹೆಸರು. ಇಪ್ಪತ್ತು ಮೂವತ್ತು ಭಾಗಗಳ ಅಸೆಂಬ್ಲಿ ಯಾರಿಗೂ ತೊಂದರೆ ಕೊಡುವುದಿಲ್ಲ. ನೀರಿನ ಬಾಟಲಿ ತುಂಬಿ ಮುಚ್ಚಳ ಬಿಗಿಯುವಂಥ ಯಂತ್ರವಾದರೆ ಕಥೆ ಬೇರೆ. ಲೆಕ್ಕಕ್ಕೆ ಸುಲಭವಾಗಲೆಂದು ಅಂಥದ್ದೊಂದು ಯಂತ್ರದಲ್ಲಿ 2,600 ಭಾಗಗಳಿವೆ, ಅದರಲ್ಲಿ 1,700 ಬರೀ ಬೋಲ್ಟು, ನಟ್ಟು, ವಾಷರ್ ಎಂದಿಟ್ಟುಕೊಳ್ಳೋಣ. ಫೈಲ್ ತೆರೆಯಲು ಕ್ಲಿಕ್ ಮಾಡಿ ಕಾಫಿ ಕುಡಿದು ಬಂದರೂ ಪರದೆ ಇನ್ನೂ ಬಿಳಿಯಾಗಿಯೇ ಇರುತ್ತದೆ. ಹೆಚ್ಚಿನವರು ಆಗ ಹೊಸ ಕಂಪ್ಯೂಟರ್ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಕಂಪ್ಯೂಟರನ್ನಲ್ಲ, ಅಸೆಂಬ್ಲಿ ಕಟ್ಟಿದ ಕ್ರಮವನ್ನು.

ಇಲ್ಲಿ ನಾನು ಸಾಲಿಡ್‌ವರ್ಕ್ಸ್ ತಂತ್ರಾಂಶವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. 1995ರಲ್ಲಿ ಮಾರುಕಟ್ಟೆಗೆ ಬಂದ ಇದು ನಮ್ಮ ಸಣ್ಣ, ಮಧ್ಯಮ ಕಾರ್ಖಾನೆಗಳಿಗೆ ಚೆನ್ನಾಗಿ ಪರಿಚಿತ.

ಅಸೆಂಬ್ಲಿ ಫೈಲಿನೊಳಗೆ ಬಿಡಿಭಾಗಗಳೆಲ್ಲ ತುಂಬಿಕೊಂಡಿರುತ್ತವೆ ಎಂದು ಹೊಸಬರು ಭಾವಿಸುತ್ತಾರೆ. ನಿಜವಾಗಿ ಅದು ಬಹುಮಟ್ಟಿಗೆ ಮದುವೆಗೆ ಕರೆಯುವವರ ವಿಳಾಸದ ಪಟ್ಟಿಯಂತೆ: ಯಾವ ಭಾಗ, ಯಾವ ಫೋಲ್ಡರಿನಲ್ಲಿದೆ ಎಂಬುದನ್ನು ಅದು ಬರೆದಿಟ್ಟುಕೊಂಡಿರುತ್ತದೆ. ಭಾಗಗಳು ತಮ್ಮ ತಮ್ಮ ಫೈಲಿನಲ್ಲೇ ಉಳಿಯುತ್ತವೆ. ಪಟ್ಟಿಯ ಜೊತೆಗೆ ಇನ್ನೊಂದು ಮುಖ್ಯ ಸರಕು ಇದೆ, ಅದೇ ಮೇಟ್. ಈ ಬೋಲ್ಟಿನ ನಡುಗೆರೆ ಆ ತೂತಿನ ನಡುಗೆರೆಯ ಮೇಲೆ ಕೂರಬೇಕು, ಈ ತಟ್ಟೆಯ ಮುಖ ಆ ಚೌಕಟ್ಟಿನ ಮುಖಕ್ಕೆ ಅಂಟಬೇಕು ಎಂಬ ಒಂದೊಂದು ನಿಯಮವೂ ಒಂದೊಂದು ಮೇಟ್.

ಇದು ತಿಳಿದರೆ ನಿಧಾನಕ್ಕೆ ಕಾರಣ ಹುಡುಕುವುದು ಸುಲಭ. ತೆರೆಯುವುದೇ ತಡವಾದರೆ, ಪಟ್ಟಿಯಲ್ಲಿರುವ ಫೈಲುಗಳನ್ನು ಮೆಮೊರಿಗೆ ತರುವಲ್ಲಿ ತೊಡಕಿದೆ. ತೆರೆದ ಮೇಲೆ ಒಂದು ಅಳತೆ ಬದಲಿಸಿದಾಗ ಅಥವಾ ಒಂದು ಭಾಗವನ್ನು ಎಳೆದಾಗ ಗಡಿಯಾರ ಸುತ್ತುತ್ತಿದ್ದರೆ, ಮೇಟ್‌ಗಳ ಲೆಕ್ಕ ಭಾರವಾಗಿದೆ. ಯಂತ್ರವನ್ನು ಮೌಸಿನಿಂದ ತಿರುಗಿಸುವಾಗ ಚಿತ್ರ ಎಳೆದೆಳೆದು ಬಂದರೆ, ಚಿತ್ರ ಬಿಡಿಸುವ ಕೆಲಸ ಹೆಚ್ಚಾಗಿದೆ. ಮೂರಕ್ಕೂ ಮದ್ದು ಬೇರೆ ಬೇರೆ. Performance Evaluation ಎಂಬ ಆಜ್ಞೆ ಕೊಟ್ಟರೆ ಯಾವ ಭಾಗ ತೆರೆಯಲು ಎಷ್ಟು ಹೊತ್ತು ಹಿಡಿಯಿತು, ಮೇಲಿನ ಹಂತದಲ್ಲಿ ಎಷ್ಟು ಮೇಟ್‌ಗಳಿವೆ ಎಂಬಿವೆಲ್ಲ ಪಟ್ಟಿಯಾಗಿ ಬರುತ್ತವೆ. ಊಹೆಯ ಮೇಲೆ ದುರಸ್ತಿಗೆ ಇಳಿಯುವ ಬದಲು ಈ ಪಟ್ಟಿ ಓದುವುದು ಒಳ್ಳೆಯದು.

ನಮ್ಮ ಬಾಟಲಿ ಯಂತ್ರದ 2,600 ಭಾಗಗಳನ್ನೂ ಒಂದೇ ಅಸೆಂಬ್ಲಿಗೆ ನೇರವಾಗಿ ತಂದು ಸುರಿದಿದ್ದಾರೆ ಎಂದುಕೊಳ್ಳಿ. ಭಾಗವೊಂದಕ್ಕೆ ಎರಡು ಮೂರು ಮೇಟ್ ಎಂದರೂ ಆರು ಸಾವಿರ ದಾಟುತ್ತದೆ. ಇವೆಲ್ಲ ಒಂದೇ ಹಂತದಲ್ಲಿರುವುದರಿಂದ ಎಲ್ಲೋ ಮೂಲೆಯ ಒಂದು ಬ್ರಾಕೆಟ್ ಬದಲಾದರೂ ತಂತ್ರಾಂಶ ಈ ದೊಡ್ಡ ಗಂಟನ್ನು ಮತ್ತೆ ಬಿಡಿಸಲು ಕೂರುತ್ತದೆ.

ಈ ಗಂಟನ್ನು ಒಡೆಯುವುದೇ ಸಬ್‌ಅಸೆಂಬ್ಲಿಯ ಕೆಲಸ. ಹೇಗೆ ಒಡೆಯಬೇಕು ಎಂಬುದಕ್ಕೆ ಉತ್ತರ ಕಾರ್ಖಾನೆಯ ಫಿಟ್ಟರ್ ಹತ್ತಿರ ಇದೆ. ಅವರು ಯಾವುದನ್ನು ಮೇಜಿನ ಮೇಲೆ ಪೂರ್ತಿ ಜೋಡಿಸಿ, ಒಂದೇ ಸಲಕ್ಕೆ ಎತ್ತಿ ಯಂತ್ರಕ್ಕೆ ಕೂರಿಸುತ್ತಾರೋ ಅದು ಒಂದು ಸಬ್‌ಅಸೆಂಬ್ಲಿ. ಹಾಗೆ ನೋಡಿದರೆ ನಮ್ಮ ಯಂತ್ರ ಎಂಟು ಗುಂಪಾಗುತ್ತದೆ: ಫ್ರೇಮ್, ಕನ್ವೇಯರ್, ಫಿಲ್ಲಿಂಗ್ ಹೆಡ್, ಕ್ಯಾಪಿಂಗ್ ಹೆಡ್, ಡ್ರೈವ್, ಗಾಳಿಯ ಕೊಳವೆ ವಾಲ್ವ್‌ಗಳು, ಗಾರ್ಡ್‌ಗಳು ಮತ್ತು ವಿದ್ಯುತ್ ಪ್ಯಾನೆಲ್. ಫ್ರೇಮನ್ನು ಮೊದಲು ತಂದು ಅಲುಗದಂತೆ ನಿಲ್ಲಿಸುತ್ತೇವೆ. ಉಳಿದ ಏಳನ್ನು ತಲಾ ಮೂರು ಮೇಟ್‌ಗಳಿಂದ ಫ್ರೇಮಿಗೆ ಹಿಡಿಸಿದರೆ ಗುಂಪುಗಳನ್ನು ಕೂರಿಸಲು ಬೇಕಾದ ಮೇಟ್‌ಗಳು ಬರೀ 21. ಬಾಕಿ ಸಾವಿರಾರು ಮೇಟ್‌ಗಳು ಆಯಾ ಸಬ್‌ಅಸೆಂಬ್ಲಿಯ ಒಳಗೇ ಇರುತ್ತವೆ. ಮೇಲಿನ ಅಸೆಂಬ್ಲಿಗೆ ಪ್ರತಿ ಗುಂಪೂ ಒಂದು ಗಟ್ಟಿ ತುಂಡು, ಅದರ ಒಳಗಿನ ಲೆಕ್ಕವನ್ನು ಮೇಲಿನ ಹಂತ ಬಿಡಿಸಲು ಹೋಗುವುದಿಲ್ಲ.

ಒಂದು ಎಚ್ಚರಿಕೆ. ಎಲ್ಲ ಗುಂಪುಗಳನ್ನೂ ಫ್ರೇಮಿಗೇ ಹಿಡಿಸಬೇಕು. ಕನ್ವೇಯರಿಗೆ ಫಿಲ್ಲಿಂಗ್ ಹೆಡ್, ಅದಕ್ಕೆ ಕ್ಯಾಪಿಂಗ್ ಹೆಡ್, ಅದಕ್ಕೆ ಗಾರ್ಡ್ ಎಂದು ಸರಪಣಿ ಬೆಳೆಸಿದರೆ ಮೊದಲ ಕೊಂಡಿ ಅಲುಗಿದಾಗ ಕೊನೆಯ ಕೊಂಡಿಯೂ ಅಲುಗುತ್ತದೆ. ಎಲ್ಲೋ ಒಂದು ಮೇಟ್ ಮುರಿದರೆ ಮರದ ತುಂಬ ಕೆಂಪು ಗುರುತುಗಳು. ಗುಂಪನ್ನು ಫ್ರೇಮಿಗೆ ಬಿಗಿಯುವ ಬೋಲ್ಟುಗಳು ಮೇಲಿನ ಹಂತದಲ್ಲೇ ಉಳಿಯುತ್ತವೆ ನಿಜ. ಒಂದು ಬೋಲ್ಟನ್ನು ಮೇಟ್ ಮಾಡಿ ಉಳಿದವನ್ನು ತೂತುಗಳ ಸಾಲಿಗೆ ತಕ್ಕಂತೆ ಪ್ಯಾಟರ್ನ್ ಮಾಡಿಬಿಟ್ಟರೆ ಅವುಗಳಿಂದ ಮೇಟ್‌ಗಳು ಹೆಚ್ಚೇನೂ ಸೇರುವುದಿಲ್ಲ.

ಸಬ್‌ಅಸೆಂಬ್ಲಿಯ ಒಳಗಿನ ಸಿಲಿಂಡರ್ ಮೇಲಿನ ಅಸೆಂಬ್ಲಿಯಲ್ಲಿ ಹಿಂದೆ ಮುಂದೆ ಚಲಿಸಿ ತೋರಿಸಬೇಕೆಂದರೆ ಅದನ್ನು Flexible ಮಾಡಬಹುದು. ಆದರೆ ಆಗ ಅದರ ಒಳಗಿನ ಮೇಟ್‌ಗಳೂ ಮೇಲಿನ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಚಲನೆ ನೋಡಿ ಮುಗಿದ ಮೇಲೆ ಮತ್ತೆ Rigid ಮಾಡಿಡುವ ಅಭ್ಯಾಸ ಇರಬೇಕು. ಇನ್ನು ಮರದಲ್ಲಿ ಬರೀ ಫೋಲ್ಡರ್ ಮಾಡಿ ಭಾಗಗಳನ್ನು ಹಾಕಿಡುವವರಿದ್ದಾರೆ. ಕಣ್ಣಿಗೆ ಅಚ್ಚುಕಟ್ಟು, ಲೆಕ್ಕದಲ್ಲಿ ಒಂದಿಷ್ಟೂ ಬದಲಾವಣೆಯಿಲ್ಲ.

ಈಗಾಗಲೇ ಸುರಿದಿಟ್ಟ ಅಸೆಂಬ್ಲಿಯನ್ನೂ ಒಡೆಯಬಹುದು. ಒಂದು ಗುಂಪಿನ ಭಾಗಗಳನ್ನು ಆರಿಸಿ, ಬಲಗಡೆ ಕ್ಲಿಕ್ಕಿನಲ್ಲಿ Form New Subassembly ಕೊಟ್ಟರೆ ಆ ಭಾಗಗಳ ನಡುವಿನ ಮೇಟ್‌ಗಳು ಗುಂಪಿನೊಳಗೆ ಇಳಿಯುತ್ತವೆ. ಗುಂಪಿನಾಚೆಗೆ ಕೈಚಾಚಿದ ಮೇಟ್‌ಗಳು ಮೇಲೆ ಉಳಿಯುತ್ತವೆ. ಅವನ್ನು ಅಳಿಸಿ, ಫ್ರೇಮಿಗೆ ಮೂರು ಹೊಸ ಮೇಟ್ ಕೊಡಬೇಕು. ಪ್ರತಿ ಇಟ್ಟು ಒಂದು ಗುಂಪು ಎಂಬಂತೆ ಮಾಡಿ, ನಡುನಡುವೆ ಪ್ರತಿ ಉಳಿಸಿಕೊಂಡು ಹೋದರೆ ದಾರಿ ತಪ್ಪುವುದಿಲ್ಲ.

ಇನ್ನು ಲೈಟ್‌ವೇಟ್. ಸಾಮಾನ್ಯವಾಗಿ ತೆರೆದ ಭಾಗ ತನ್ನ ಪೂರ್ತಿ ಮಾಹಿತಿಯೊಂದಿಗೆ ಮೆಮೊರಿಗೆ ಬರುತ್ತದೆ: ಯಾವ ಸ್ಕೆಚ್ಚಿನಿಂದ ಶುರುವಾಯಿತು, ಎಲ್ಲಿ ಕೊರೆದರು, ಎಲ್ಲಿ ಮೂಲೆ ಉರುಟಾಗಿಸಿದರು ಎಂಬುದೆಲ್ಲ. ಇದಕ್ಕೆ ರಿಸಾಲ್ವ್ಡ್ ಎನ್ನುತ್ತಾರೆ. ಲೈಟ್‌ವೇಟಿನಲ್ಲಿ ತೆರೆದರೆ ಮಾಹಿತಿಯ ಒಂದು ಪಾಲು ಮಾತ್ರ ಬರುತ್ತದೆ, ಉಳಿದದ್ದು ಬೇಕಾದಾಗ ಬರುತ್ತದೆ. ಅಂಥ ಭಾಗದ ಗುರುತಿನ ಮೇಲೆ ಸಣ್ಣದೊಂದು ಗರಿ ಕಾಣಿಸುತ್ತದೆ. ಫೈಲ್ ತೆರೆಯುವ ಕಿಟಕಿಯಲ್ಲಿ Mode ಎಂಬಲ್ಲಿ Lightweight ಆರಿಸಿದರೆ ಆಯಿತು. ಹೀಗೆ ತೆರೆದ ಭಾಗಕ್ಕೂ ಮೇಟ್ ಹಾಕಬಹುದು, ಅಳತೆ ತೆಗೆಯಬಹುದು, ಎರಡು ಭಾಗಗಳು ಒಂದರೊಳಗೊಂದು ತೂರಿಕೊಂಡಿವೆಯೇ ಎಂದು ನೋಡಬಹುದು. ಅದರ ಆಕಾರವನ್ನೇ ತಿದ್ದಬೇಕಾದಾಗ ಮಾತ್ರ Set to Resolved ಕೊಡಬೇಕು. ಫಿಲ್ಲಿಂಗ್ ಹೆಡ್ಡಿನ ನಾಜಲ್ ತಿದ್ದುವ ದಿನ ಆ ಒಂದು ಗುಂಪನ್ನು ರಿಸಾಲ್ವ್ ಮಾಡಿ, ಉಳಿದ ಏಳನ್ನು ಗರಿಯೊಂದಿಗೇ ಬಿಟ್ಟರೆ ಕೆಲಸ ಸರಾಗ. ಹೊಸ ಆವೃತ್ತಿಗಳಲ್ಲಿ ತಂತ್ರಾಂಶ ಇದನ್ನು ತಾನಾಗಿಯೇ ನಿಭಾಯಿಸುವ ಆಯ್ಕೆಯೂ ಬಂದಿದೆ.

ಲೈಟ್‌ವೇಟ್ ಎಲ್ಲವನ್ನೂ ಗುಣಪಡಿಸುತ್ತದೆ ಎಂಬ ನಂಬಿಕೆ ಮಾತ್ರ ಬೇಡ. ಗೇರ್ ಮೋಟರ್ ತಯಾರಕರ ಜಾಲತಾಣದಿಂದ ಇಳಿಸಿಕೊಂಡ ಮಾಡೆಲ್ಲನ್ನು ಹತ್ತಿರದಿಂದ ನೋಡಿ. ಕೆಲವದರಲ್ಲಿ ಬೋಲ್ಟಿನ ಮರೆಗಳನ್ನು ನಿಜವಾಗಿ ಸುರುಳಿಯಾಗಿ ಕೊರೆದಿರುತ್ತಾರೆ, ಹೆಸರಿನ ಫಲಕದ ಅಕ್ಷರಗಳೂ ಉಬ್ಬಿರುತ್ತವೆ. ಪರದೆಯ ಮೇಲೆ ಬಾಗಿದ ಮೈಯೆಲ್ಲ ಸಣ್ಣ ಸಣ್ಣ ತ್ರಿಕೋನಗಳಾಗಿ ಬಿಡಿಸಲ್ಪಡುತ್ತದೆ, ಸುರುಳಿ ಮರೆ ಆ ತ್ರಿಕೋನಗಳನ್ನು ರಾಶಿ ಹಾಕುತ್ತದೆ. ಗರಿ ಇದ್ದರೂ ಚಿತ್ರ ಬಿಡಿಸಲೇಬೇಕಲ್ಲ! ತಿರುಗಿಸುವಾಗ ಎಳೆದಾಡುವ ಅಸೆಂಬ್ಲಿಯಲ್ಲಿ ಇಂಥದ್ದೊಂದು ಮೋಟರೋ ಸ್ಪ್ರಿಂಗೋ ಅಡಗಿರುವುದು ಬಹಳ ಸಾಮಾನ್ಯ. ಹೊರ ಆಕಾರ, ಶಾಫ್ಟು, ಹಿಡಿಸುವ ತೂತುಗಳು ಇಷ್ಟು ಉಳಿಸಿ ಮಿಕ್ಕದ್ದನ್ನು ತೆಗೆದ ಸರಳ ಪ್ರತಿಯನ್ನು ಬಳಸುವುದೇ ಇದಕ್ಕೆ ಪರಿಹಾರ.

ಹೆಸರಿನ ವಿಷಯವನ್ನು ಹಲವರು ಶಿಸ್ತಿನ ಮಾತು ಎಂದು ಬದಿಗಿಡುತ್ತಾರೆ. ನನಗೆ ಇಡೀ ಕೆಲಸದಲ್ಲಿ ಅತಿ ಅಪಾಯಕಾರಿ ಜಾಗ ಅದೇ ಎನಿಸುತ್ತದೆ, ಏಕೆಂದರೆ ಇಲ್ಲಿ ಆಗುವ ತಪ್ಪು ಪರದೆಯಿಂದ ಲೇತ್ ಯಂತ್ರದವರೆಗೂ ಹೋಗಬಲ್ಲದು. ಸಾಲಿಡ್‌ವರ್ಕ್ಸ್ ಒಂದು ಭಾಗವನ್ನು ಹುಡುಕುವಾಗ, ಆ ಹೆಸರಿನ ಫೈಲ್ ಈಗಾಗಲೇ ತೆರೆದಿದೆಯೇ ಎಂದು ಮೊದಲು ನೋಡುತ್ತದೆ. ಹಳೆಯ ಯಂತ್ರದ Base Plate.SLDPRT ತೆರೆದಿರುವಾಗ ಹೊಸ ಯಂತ್ರದ ಅಸೆಂಬ್ಲಿ ತೆರೆದಿರಿ, ಅದರಲ್ಲೂ Base Plate.SLDPRT ಎಂಬ ಬೇರೆಯೇ ಫೈಲ್ ಇದೆ ಎನ್ನಿ. ಒಂದೇ ಹೆಸರಿನ ಎರಡು ಫೈಲುಗಳು ಒಟ್ಟಿಗೆ ತೆರೆದಿರಲಾರವು. ಎಚ್ಚರಿಕೆಯ ಸಂದೇಶವನ್ನು ಓದದೆ ಒಪ್ಪಿಕೊಂಡರೆ ಹಳೆಯ ತಟ್ಟೆ ಹೊಸ ಯಂತ್ರದಲ್ಲಿ ಕೂತುಬಿಡುತ್ತದೆ. ಮೇಟ್‌ಗಳು ಒಮ್ಮೆಗೇ ಕೆಂಪಾದರೆ, ಭಾಗದ ಅಳತೆ ವಿಚಿತ್ರವಾಗಿ ಕಂಡರೆ Find References ತೆರೆದು ಆ ಭಾಗ ಯಾವ ಫೋಲ್ಡರಿನಿಂದ ಬಂದಿದೆ ನೋಡಬೇಕು. Part1 ಎಂಬ ತಾನಾಗಿ ಬರುವ ಹೆಸರನ್ನು ಹಾಗೇ ಉಳಿಸುವುದೂ ಇದೇ ಗುಂಡಿಗೆ ಬೀಳುವ ದಾರಿ.

ಆದ್ದರಿಂದ ಇಡೀ ಕಂಪನಿಯಲ್ಲಿ ಒಂದು ಹೆಸರು ಒಂದೇ ಸಲ ಬರಬೇಕು. ಬಾಟಲಿ ಯಂತ್ರಕ್ಕೆ ಹೀಗೆ ಮಾಡಬಹುದು:

```
BF12-000.SLDASM       ಇಡೀ ಯಂತ್ರ
BF12-300.SLDASM       ಫಿಲ್ಲಿಂಗ್ ಹೆಡ್
BF12-300-014.SLDPRT   ಅದರ ನಾಜಲ್ ಹಿಡಿಕೆ
```

ಮೊದಲ ತುಂಡು ಯಂತ್ರ, ಎರಡನೆಯದು ಗುಂಪು, ಮೂರನೆಯದು ಕ್ರಮಸಂಖ್ಯೆ. ಮರದ ಮೇಲಿರುವ ಹುಡುಕುವ ಪೆಟ್ಟಿಗೆಯಲ್ಲಿ `BF12-300` ಎಂದು ಒತ್ತಿದರೆ ಫಿಲ್ಲಿಂಗ್ ಹೆಡ್ಡಿನ ಭಾಗಗಳಷ್ಟೇ ಉಳಿಯುತ್ತವೆ, ಅಲ್ಲಿಂದಲೇ ಬೇಕಾದ್ದನ್ನು ಆರಿಸಿ ರಿಸಾಲ್ವ್ ಮಾಡಬಹುದು. "ನಾಜಲ್ ಹಿಡಿಕೆ" ಎಂಬ ವಿವರಣೆಗೆ ಫೈಲಿನ ಹೆಸರಿನಲ್ಲಿ ಜಾಗ ಬೇಡ, ಅದಕ್ಕೆ Description ಎಂಬ ಬೇರೆ ಕೋಣೆಯೇ ಇದೆ. ಸಾಮಗ್ರಿ ಪಟ್ಟಿಗೆ ಅದನ್ನು ಅಲ್ಲಿಂದ ತರಬಹುದು. ಹೆಸರಿನ ಕೊನೆಗೆ final, final2 ಎಂದು ಬರೆಯುವುದಂತೂ ಬೇಡವೇ ಬೇಡ. ಹೆಸರು ಬದಲಾದೊಡನೆ ಡ್ರಾಯಿಂಗಿಗೂ ಅಸೆಂಬ್ಲಿಗೂ ಆ ಭಾಗದ ವಿಳಾಸ ತಪ್ಪುತ್ತದೆ. ವಿಂಡೋಸಿನಲ್ಲಿ ನೇರವಾಗಿ ಫೈಲಿನ ಹೆಸರು ತಿದ್ದಿದಾಗ "ಫೈಲ್ ಸಿಗಲಿಲ್ಲ" ಎಂಬ ಪ್ರಶ್ನೆ ಬರುವುದು ಇದಕ್ಕೇ. ಹಳೆಯ ಯಂತ್ರವನ್ನು ನಕಲು ಮಾಡಿ ಹೊಸದು ಶುರುಮಾಡುವಾಗ Pack and Go ಬಳಸಿದರೆ ಹೊಸ ಹೆಸರು ಕೊಡುವುದೂ ವಿಳಾಸಗಳನ್ನು ತಿದ್ದುವುದೂ ಒಟ್ಟಿಗೆ ಮುಗಿಯುತ್ತವೆ.

ಇಷ್ಟು ಮಾಡಿದ ಬಾಟಲಿ ಯಂತ್ರ ಸಲೀಸಾಗಿ ತೆರೆಯುತ್ತದೆ. ಅಂಥ ಆರು ಯಂತ್ರಗಳನ್ನು ಒಂದೇ ಕಾರ್ಖಾನೆಯ ನಕ್ಷೆಯಲ್ಲಿ ಸಾಲಾಗಿ ನಿಲ್ಲಿಸಬೇಕಾದಾಗ ಮತ್ತೆ ಭಾರ ಏರುತ್ತದೆ. ಅಲ್ಲಿ ಸ್ಪೀಡ್‌ಪ್ಯಾಕ್ ಎಂಬ ಸೌಲಭ್ಯ ಉಪಯೋಗಕ್ಕೆ ಬರುತ್ತದೆ. ಯಂತ್ರದ ಕಾಲಿನ ತಳ, ಕನ್ವೇಯರಿನ ಎರಡು ತುದಿ ಹೀಗೆ ಮೇಟ್ ಹಾಕಲು ಬೇಕಾದ ಕೆಲವೇ ಮುಖಗಳನ್ನು ಉಳಿಸಿಕೊಂಡು, ಮಿಕ್ಕದ್ದನ್ನು ಅದು ಬರೀ ಚಿತ್ರವಾಗಿ ತೋರಿಸುತ್ತದೆ. ಸಾಮಗ್ರಿ ಪಟ್ಟಿಯಲ್ಲಿ ಮಾತ್ರ ಭಾಗಗಳೆಲ್ಲ ಇದ್ದೇ ಇರುತ್ತವೆ. ಮೂಲ ಯಂತ್ರದಲ್ಲಿ ಏನಾದರೂ ತಿದ್ದಿದರೆ ಸ್ಪೀಡ್‌ಪ್ಯಾಕನ್ನೂ ಹೊಸದಾಗಿ ಅಪ್‌ಡೇಟ್ ಮಾಡಬೇಕು. ಅದನ್ನು ಮರೆತರೆ ನಕ್ಷೆಯಲ್ಲಿ ನಿಂತಿರುವುದು ಹಳೆಯ ಕಾಲಿನ ಯಂತ್ರ, ನೆಲದಲ್ಲಿ ಬೋಲ್ಟಿನ ಗುಂಡಿ ತೋಡುವವರ ಕೈಗೆ ಹೋಗುವುದೂ ಅದೇ ಅಳತೆ.