ಫಿಬೊನಾಚಿ ಸಾಲಿನ ನೆರೆಹೊರೆ

ಛಂದಸ್ಸು ಓದಿದವರಿಗೆ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂಬುದು ಗೊತ್ತು. ಮೂರು ಮಾತ್ರೆಯ ಗಣವನ್ನು ಮೂರು ಬಗೆಯಲ್ಲಿ ಕಟ್ಟಬಹುದು: ಮೂರು ಲಘು, ಲಘು-ಗುರು, ಗುರು-ಲಘು. ನಾಲ್ಕು ಮಾತ್ರೆಗೆ 5 ಬಗೆ. ಐದಕ್ಕೆ? ಗಣ ಲಘುವಿನಲ್ಲಿ ಮುಗಿದರೆ ಅದರ ಮುಂಚೆ ನಾಲ್ಕು ಮಾತ್ರೆ ಇರಬೇಕು, ಗುರುವಿನಲ್ಲಿ ಮುಗಿದರೆ ಮೂರು. ಹಾಗಾಗಿ 5 + 3 = 8. ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ 12ನೇ ಶತಮಾನದಲ್ಲೇ ಈ ನಿಯಮವನ್ನು ಹೇಳಿದ್ದ. 1202ರಲ್ಲಿ ಇಟಲಿಯ ಪೀಸಾದ ಲಿಯೊನಾರ್ಡೊ ಮೊಲಗಳ ಸಂತಾನದ ಲೆಕ್ಕ ಮಾಡುತ್ತ ಇದೇ ಸಾಲಿಗೆ ಬಂದ. ಹೇಮಚಂದ್ರನ ಹೆಸರು ಹಿಂದೆ ಸರಿದು, ಲಿಯೊನಾರ್ಡೊನ ಅಡ್ಡಹೆಸರು ಫಿಬೊನಾಚಿಯೇ ಸಾಲಿಗೆ ಅಂಟಿಕೊಂಡಿತು.

1, 1, 2, 3, 5, 8, 13, 21, 34, 55, 89, 144...

ಇದರಲ್ಲಿ ಅಕ್ಕಪಕ್ಕದ ಯಾವ ಎರಡನ್ನು ತೆಗೆದುಕೊಂಡರೂ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಸಿಗುವುದಿಲ್ಲ. 21 ಎಂದರೆ 3 × 7, 34 ಎಂದರೆ 2 × 17. ಆದರೆ ಹೀಗೆ ಒಂದೊಂದೇ ಜೋಡಿಯನ್ನು ಬಿಡಿಸಿ ನೋಡುತ್ತ ಹೋದರೆ ಎಂದಿಗೂ ಮುಗಿಯದು.

ಉಪಾಯವಿರುವುದು ಕಳೆಯುವುದರಲ್ಲಿ. 89 ಮತ್ತು 144 ಎರಡನ್ನೂ ಯಾವುದೋ ಒಂದು ಸಂಖ್ಯೆ ಶೇಷವಿಲ್ಲದೆ ಭಾಗಿಸುತ್ತದೆ ಎಂದುಕೊಳ್ಳೋಣ. ಎರಡು ಸಂಖ್ಯೆಗಳನ್ನು ಭಾಗಿಸುವುದು ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು. ಇಲ್ಲಿ ವ್ಯತ್ಯಾಸ 55. ಅದು ಸಾಲಿನಲ್ಲಿ 89ರ ಹಿಂದಿನ ಸಂಖ್ಯೆಯೇ! ಈಗ ನಮ್ಮ ಸಂಖ್ಯೆ 89 ಮತ್ತು 55ನ್ನು ಭಾಗಿಸುತ್ತದೆ, ಆದ್ದರಿಂದ 34ನ್ನೂ, ಮತ್ತೆ 21ನ್ನೂ. ಹೀಗೆ ಹಿಂದೆ ಹಿಂದೆ ಸರಿದರೆ ಕೊನೆಗೆ ಸಾಲಿನ ಆರಂಭದ 1, 1ಕ್ಕೆ ಬಂದು ನಿಲ್ಲುತ್ತೇವೆ. 1ನ್ನು ಭಾಗಿಸುವ ಧನ ಪೂರ್ಣಾಂಕ 1 ಮಾತ್ರ. ಎಷ್ಟೇ ದೂರದ ಜೋಡಿಯಿಂದ ಹೊರಟರೂ ದಾರಿ ಇದೇ.

ಹಾಗಾದರೆ ಕೂಡುವ ನಿಯಮವೊಂದೇ ಸಾಕೇ? ಸಾಲದು. 6, 9ರಿಂದ ಶುರುಮಾಡಿ: 6, 9, 15, 24, 39. ಎಲ್ಲವೂ 3ರಿಂದ ಭಾಗವಾಗುತ್ತವೆ. ಹಿಂದೆ ಸರಿಯುವ ವಾದ ಇಲ್ಲಿಯೂ ನಡೆಯುತ್ತದೆ, ಆದರೆ ಅದು ಹೋಗಿ ನಿಲ್ಲುವುದು 6 ಮತ್ತು 9ರಲ್ಲಿ. ಅವೆರಡಕ್ಕೂ 3 ಸಾಮಾನ್ಯ. ಮೊದಲ ಜೋಡಿಯಲ್ಲಿ ಏನಿದೆಯೋ ಅದೇ ಪ್ರತಿ ನೆರೆಜೋಡಿಗೂ ಇಳಿದು ಬರುತ್ತದೆ. ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. 1, 3ರಿಂದ ಹೊರಟರೆ 4, 7, 11, 18 ಬರುತ್ತವೆ. ಅಲ್ಲಿ ಮತ್ತೆ ನೆರೆಯವರಿಗೆ 1 ಬಿಟ್ಟರೆ ಬೇರೇನೂ ಸಾಮಾನ್ಯವಿಲ್ಲ.

ಫಿಬೊನಾಚಿ ಸಾಲಿನಲ್ಲೂ ದೂರದವರ ಕಥೆ ಬೇರೆ. 21 ಮತ್ತು 144 ಎರಡೂ 3ರಿಂದ ಭಾಗವಾಗುತ್ತವೆ. ಇದು ಆಕಸ್ಮಿಕವಲ್ಲ. 21 ಸಾಲಿನ 8ನೆಯದು, 144 ಹನ್ನೆರಡನೆಯದು. 8 ಮತ್ತು 12ರ ಮಹತ್ತಮ ಸಾಮಾನ್ಯ ಅಪವರ್ತನ 4. ಸಾಲಿನ 4ನೆಯ ಸಂಖ್ಯೆ 3. ಯಾವ ಎರಡು ಸ್ಥಾನಗಳಿಗೂ ಈ ಲೆಕ್ಕ ತಪ್ಪುವುದಿಲ್ಲ. ಅಕ್ಕಪಕ್ಕದ ಸ್ಥಾನಗಳ ಮಹತ್ತಮ ಸಾಮಾನ್ಯ ಅಪವರ್ತನ ಯಾವಾಗಲೂ 1, ಸಾಲಿನ ಮೊದಲನೆಯ ಸಂಖ್ಯೆಯೂ 1. ಹತ್ತನೆಯ ಮತ್ತು ಹದಿನೈದನೆಯ ಸಂಖ್ಯೆಗಳಾದ 55, 610ನ್ನು ಓದುಗರೇ ಪರೀಕ್ಷಿಸಬಹುದು.