ತಮ್ಮನ ಓದಿನ ಸಾಲ: ತಿಂಗಳು ತಿಂಗಳಿನ ಲೆಕ್ಕದ ಚೀಟಿ

ಬ್ಯಾಂಕಿನಿಂದ ಪಡೆದ ಶಿಕ್ಷಣ ಸಾಲದಲ್ಲಿ ಸಾಲಗಾರ ಓದುವ ಹುಡುಗನೇ. ತಂದೆ ಅಥವಾ ತಾಯಿ ಸಹಸಾಲಗಾರರು. ಆದರೆ ಹುಡುಗನಿಗೆ ಕೆಲಸ ಸಿಗುವವರೆಗೆ ಆ ಸಾಲದ ಭಾರ ಹೊರುವವರು ಅನೇಕ ಮನೆಗಳಲ್ಲಿ ದುಡಿಯುತ್ತಿರುವ ಅಕ್ಕ ಅಥವಾ ಅಣ್ಣ. ಯಾವ ತಿಂಗಳು ಎಷ್ಟು ಕಟ್ಟಬೇಕು, ಯಾರು ಕಟ್ಟಬೇಕು, ಕಟ್ಟಿದ್ದರಲ್ಲಿ ಬಡ್ಡಿಗೆ ಹೋಗುವುದೆಷ್ಟು, ಅಸಲಿಗೆ ಹೋಗುವುದೆಷ್ಟು ಎಂಬುದನ್ನು ತಮ್ಮನಿಗೆ ತಿಳಿಯುವಂತೆ ಬರೆದಿಡುವ ಚೀಟಿಗೆ ಮೂರು ಭಾಗಗಳಿರಬೇಕು: ಓದಿನ ಅವಧಿ, ಓದು ಮುಗಿದ ಮೇಲಿನ ಬಿಡುವಿನ ಅವಧಿ, ಕಂತಿನ ಅವಧಿ.

ಒಂದು ಉದಾಹರಣೆಯ ಮೂಲಕ ಇದನ್ನು ನೋಡಬಹುದು. ತಮ್ಮ ಎರಡು ವರ್ಷದ ಎಂಸಿಎ ಸೇರಿದ್ದಾನೆ. ಮಂಜೂರಾದ ಸಾಲ 3 ಲಕ್ಷ ರೂಪಾಯಿ, ಬಡ್ಡಿ ವರ್ಷಕ್ಕೆ ಶೇ. 10. ಬ್ಯಾಂಕು ಹಣವನ್ನು ಒಟ್ಟಿಗೆ ಕೊಡದೆ, ಶುಲ್ಕ ಕಟ್ಟುವ ಹೊತ್ತಿಗೆ ಕಾಲೇಜಿಗೇ ಕಳಿಸುತ್ತದೆ: 2025ರ ಆಗಸ್ಟ್‌ನಲ್ಲಿ 1.5 ಲಕ್ಷ, 2026ರ ಆಗಸ್ಟ್‌ನಲ್ಲಿ ಉಳಿದ 1.5 ಲಕ್ಷ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯ ಪ್ರಕಾರ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತಿಗೆ ಬಿಡುವು ಇರುತ್ತದೆ. ಹಾಗಾಗಿ ಕಂತು ಶುರುವಾಗುವುದು 2028ರ ಆಗಸ್ಟ್‌ನಲ್ಲಿ.

ಚೀಟಿ ಮೊದಲು ಸ್ಪಷ್ಟಪಡಿಸಬೇಕಾದ ವಿಷಯ, ಬಿಡುವು ಇರುವುದು ಕಂತಿಗೆ, ಬಡ್ಡಿಗೆ ಅಲ್ಲ ಎಂಬುದು. ಮೊದಲ ಹಣ ಕಾಲೇಜಿಗೆ ಹೋದ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ಬಿಡುವಿನ ಕಾಲದಲ್ಲಿ ಅದು ಸರಳ ಬಡ್ಡಿ. ಮೊದಲ ವರ್ಷ 1.5 ಲಕ್ಷಕ್ಕೆ ತಿಂಗಳಿಗೆ 1,250 ರೂ., ಎರಡನೆಯ ಹಣ ಬಿಡುಗಡೆಯಾದ ಮೇಲೆ ಎರಡು ವರ್ಷ ತಿಂಗಳಿಗೆ 2,500 ರೂ. ಕಟ್ಟದೆ ಬಿಟ್ಟರೆ ಮೂರು ವರ್ಷದಲ್ಲಿ 75,000 ರೂ. ಸೇರುತ್ತದೆ. ಕಂತು ಶುರುವಾಗುವ ದಿನ ಅದು ಅಸಲಿನೊಳಗೆ ಬೆರೆತು, ಸಾಲ 3.75 ಲಕ್ಷವಾಗುತ್ತದೆ. ಅಲ್ಲಿಂದ ಮುಂದೆ ಆ 75,000ಕ್ಕೂ ಬಡ್ಡಿ.

ದುಡಿಯುವ ಅಕ್ಕ ನೆರವಾಗಬಹುದಾದದ್ದು ಈ ಘಟ್ಟದಲ್ಲಿಯೇ. ಅವಳ ಚೀಟಿಯ ಮೊದಲ ಭಾಗ ಹೀಗಿರಬಹುದು:

“2025ರ ಆಗಸ್ಟ್‌ನಿಂದ 2026ರ ಜುಲೈವರೆಗೆ ತಿಂಗಳಿಗೆ 1,250 ನಾನು ಕಟ್ಟುತ್ತೇನೆ. ಆಮೇಲೆ 2028ರ ಜುಲೈವರೆಗೆ ತಿಂಗಳಿಗೆ 2,500. ಇದೆಲ್ಲ ಬರೀ ಬಡ್ಡಿ ಕಣೋ, ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ. ನಿನಗೆ ಕೆಲಸ ಸಿಕ್ಕ ತಿಂಗಳಿಂದ ಈ ಬಡ್ಡಿ ನಿನ್ನದು. 2028ರ ಆಗಸ್ಟ್‌ನಿಂದ ಕಂತೂ ನಿನ್ನದೇ.”

ಹೀಗೆ ಬಡ್ಡಿ ಕಟ್ಟುತ್ತ ಬಂದರೆ ಕಂತು ಶುರುವಾಗುವಾಗ ಸಾಲ 3 ಲಕ್ಷವೇ ಇರುತ್ತದೆ. ಐದು ವರ್ಷದ, ಅಂದರೆ 60 ತಿಂಗಳ ಅವಧಿಗೆ ಕಂತು ಸುಮಾರು 6,374 ರೂ. ಬಡ್ಡಿ ಕಟ್ಟದೆ ಬಿಟ್ಟಿದ್ದರೆ ಇದೇ ಕಂತು 7,968 ರೂ. ಆಗುತ್ತಿತ್ತು. ಅಕ್ಕ ಕಟ್ಟಿದ 75,000ವನ್ನು ಸೇರಿಸಿ ಲೆಕ್ಕ ಹಾಕಿದರೂ ಮನೆಗೆ 20,600 ರೂಪಾಯಿಯಷ್ಟು ಉಳಿತಾಯ. ಅದಕ್ಕಿಂತ ದೊಡ್ಡ ಅನುಕೂಲ, ಹೊಸದಾಗಿ ಕೆಲಸಕ್ಕೆ ಸೇರಿದವನ ಸಂಬಳದಿಂದ ತಿಂಗಳಿಗೆ ಸುಮಾರು 1,600 ರೂ. ಕಡಿಮೆ ಹೋಗುತ್ತದೆ. ಓದುವಾಗಲೇ ಬಡ್ಡಿ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿದರದಲ್ಲಿ ಶೇ. 1ರಷ್ಟು ರಿಯಾಯಿತಿಯನ್ನೂ ಕೊಡುತ್ತವೆ. ಸಾಲ ಪಡೆಯುವಾಗಲೇ ಇದನ್ನು ಕೇಳಿಕೊಳ್ಳಬೇಕು.

ಕಂತಿನ ಅವಧಿಗೆ ಚೀಟಿಯಲ್ಲಿ ಪ್ರತಿ ತಿಂಗಳಿಗೆ ಒಂದು ಸಾಲು, ಪ್ರತಿ ಸಾಲಿನಲ್ಲಿ ಮೂರು ಅಂಕಿ ಬೇಕು: ಬಡ್ಡಿ, ಅಸಲು, ಬಾಕಿ. ಕಂತಿನ ಮೊತ್ತ ಒಂದೇ ಆದರೂ ಒಳಗಿನ ಪಾಲು ತಿಂಗಳು ತಿಂಗಳೂ ಬದಲಾಗುತ್ತದೆ. 2028ರ ಆಗಸ್ಟ್‌ನ ಮೊದಲ ಕಂತಿನಲ್ಲಿ 2,500 ಬಡ್ಡಿಗೆ, 3,874 ಅಸಲಿಗೆ. ಬಾಕಿ 2,96,126. ಮುಂದಿನ ತಿಂಗಳು ಈ ಇಳಿದ ಬಾಕಿಗೆ ಮಾತ್ರ ಬಡ್ಡಿ ಬೀಳುವುದರಿಂದ ಬಡ್ಡಿ 2,468ಕ್ಕೆ ಇಳಿದು, ಅಸಲಿಗೆ 3,906 ಹೋಗುತ್ತದೆ. ಕೊನೆಯ ಕಂತಿನಲ್ಲಿ ಬಡ್ಡಿ ಬರೀ 53 ರೂ.

ಈ ಸಾಲುಗಳಿಲ್ಲದಿದ್ದರೆ ಒಂದು ವರ್ಷ ಕಂತು ಕಟ್ಟಿದವನಿಗೆ ಆತಂಕವಾಗುತ್ತದೆ. 76,000ಕ್ಕೂ ಹೆಚ್ಚು ಕಟ್ಟಿದ್ದಾನೆ, ಬಾಕಿ ಇನ್ನೂ 2,51,300ರಷ್ಟಿದೆ. ಬ್ಯಾಂಕು ತಪ್ಪು ಲೆಕ್ಕ ಹಾಕಿತೇ ಎಂದು ಅನ್ನಿಸುವುದು ಸಹಜ. ಲೆಕ್ಕ ಸರಿಯಾಗಿಯೇ ಇದೆ. ಆ ವರ್ಷ ಸುಮಾರು 27,800 ಬಡ್ಡಿಗೆ ಹೋಗಿದೆ. ಸಾಲ ಅರ್ಧಕ್ಕಿಂತ ಕೆಳಗಿಳಿಯುವುದೂ 30ನೆಯ ಕಂತಿಗಲ್ಲ, 34ನೆಯ ಕಂತಿಗೆ, ಅಂದರೆ 2031ರ ಮೇ ತಿಂಗಳಲ್ಲಿ. ಚೀಟಿಯಲ್ಲಿ ಇದು ಮೊದಲೇ ಇದ್ದರೆ ಹುಡುಗ ನಡುದಾರಿಯಲ್ಲಿ ಕಂಗೆಡುವುದಿಲ್ಲ.

ಕೈಯಲ್ಲಿ ಹೆಚ್ಚಿನ ಹಣ ಬಂದಾಗ ಏನು ಮಾಡಬೇಕೆಂಬುದೂ ಈ ಸಾಲುಗಳಿಂದಲೇ ತಿಳಿಯುತ್ತದೆ. ಹನ್ನೆರಡನೆಯ ಕಂತಿನ ಬೆನ್ನಿಗೆ ಬೋನಸ್ಸಿನಿಂದ 30,000 ರೂಪಾಯಿಯನ್ನು ಅಸಲಿಗೆ ಕಟ್ಟಿ, ಕಂತು ಮೊದಲಿನಷ್ಟೇ ಇಟ್ಟುಕೊಂಡರೆ, 2033ರ ಜುಲೈಗೆ ತೀರಬೇಕಾದ ಸಾಲ ಆರು ತಿಂಗಳು ಮೊದಲೇ, ಜನವರಿಯಲ್ಲಿ ಒಂದು ಸಣ್ಣ ಕೊನೆಯ ಕಂತಿನೊಂದಿಗೆ ತೀರುತ್ತದೆ. ಬಡ್ಡಿಯಲ್ಲಿ ಸುಮಾರು 13,600 ಉಳಿಯುತ್ತದೆ. ಬದಲಾಗುವ ಬಡ್ಡಿದರದ ಇಂಥ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಆದರೆ ಹಣವನ್ನು ಸುಮ್ಮನೆ ಸಾಲದ ಖಾತೆಗೆ ಹಾಕಿದರೆ ಸಾಲದು. ಇದು ಅಸಲಿಗೆ, ಅವಧಿಯನ್ನು ಕಡಿಮೆ ಮಾಡಿ ಎಂದು ಬ್ಯಾಂಕಿಗೆ ಬರೆದು ಕೊಟ್ಟು, ಮುಂದಿನ ಸ್ಟೇಟ್‌ಮೆಂಟಿನಲ್ಲಿ ಬಾಕಿ ಇಳಿದಿದೆಯೇ ಎಂದು ನೋಡಬೇಕು.

ಚೀಟಿಯ ಅಂಕಿಗೂ ಬ್ಯಾಂಕಿನ ಅಂಕಿಗೂ ಪೂರ್ತಿ ತಾಳೆಯಾಗುವುದಿಲ್ಲ. ಬ್ಯಾಂಕು ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುತ್ತದೆ. 1.5 ಲಕ್ಷಕ್ಕೆ 31 ದಿನದ ತಿಂಗಳಲ್ಲಿ 1,274 ಆದರೆ, 28 ದಿನದ ಫೆಬ್ರವರಿಯಲ್ಲಿ 1,151. ಇಷ್ಟು ಏರುಪೇರು ಸಹಜ. ಎರಡು ಮೂರು ತಿಂಗಳು ಒಂದೇ ದಿಕ್ಕಿನಲ್ಲಿ ವ್ಯತ್ಯಾಸ ಬಂದರೆ ಬಡ್ಡಿದರ ಬದಲಾಗಿರಬಹುದು, ಅಥವಾ ಯಾವುದಾದರೂ ಶುಲ್ಕ ಸೇರಿರಬಹುದು. ದರ ಬದಲಾದಾಗ ಉಳಿದ ಸಾಲುಗಳನ್ನು ಅಂದಿನ ಬಾಕಿಯಿಂದ ಹೊಸದಾಗಿ ಬರೆಯಬೇಕು.

ಲೆಕ್ಕಕ್ಕಿಂತ ಹೆಚ್ಚಾಗಿ ಎಡವುವುದು ತಾರೀಖಿನಲ್ಲಿ. ಕಂತು ಖಾತೆಯಿಂದ 5ಕ್ಕೆ ತಾನಾಗಿ ಕಡಿತವಾಗುವಂತಿದ್ದು ಸಂಬಳ 7ಕ್ಕೆ ಬಂದರೆ ಪ್ರತಿ ತಿಂಗಳೂ ಕಂತು ಬೌನ್ಸ್ ಆಗಿ ದಂಡ ಬೀಳುತ್ತದೆ. ಕಡಿತದ ತಾರೀಖನ್ನು ಸಂಬಳದ ನಂತರಕ್ಕೆ ಬದಲಿಸಿಕೊಳ್ಳುವುದು, ಇಲ್ಲವೇ ಒಂದು ಕಂತಿನ ಹಣವನ್ನು ಖಾತೆಯಲ್ಲಿ ಸದಾ ಬಿಟ್ಟಿರುವುದು ಪರಿಹಾರ. ಕಂತು 90 ದಿನಕ್ಕೂ ಹೆಚ್ಚು ಬಾಕಿ ಉಳಿದರೆ ಬ್ಯಾಂಕು ಅದನ್ನು ವಸೂಲಾಗದ ಸಾಲದ ಪಟ್ಟಿಗೆ ಸೇರಿಸುತ್ತದೆ. ಸಿಬಿಲ್ ಅಂಕ ಕುಸಿಯುವುದು ತಮ್ಮನದಷ್ಟೇ ಅಲ್ಲ, ಸಹಸಾಲಗಾರರಾದ ತಂದೆ ತಾಯಿಯದೂ. ಕೆಲಸ ಸಿಗುವುದು ತಡವಾದರೆ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ, ಅವಧಿ ಹೆಚ್ಚಿಸಿ ಕಂತು ಇಳಿಸಲು ಕೇಳಬೇಕು. ಈ ಮಾದರಿ ಸಾಲಗಳಲ್ಲಿ ಮರುಪಾವತಿ ಅವಧಿಗೆ 15 ವರ್ಷದವರೆಗೆ ಅವಕಾಶವಿದೆ.

ಚೀಟಿಯ ಕೊನೆಯಲ್ಲಿ ತೆರಿಗೆಯ ಮಾತೂ ಇರಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷದವರೆಗೆ ವಿನಾಯಿತಿ ಉಂಟು, ಅಸಲಿಗೆ ಇಲ್ಲ. ತನಗಾಗಿ, ಗಂಡ ಅಥವಾ ಹೆಂಡತಿಗಾಗಿ, ಮಕ್ಕಳಿಗಾಗಿ ಅಥವಾ ತಾನು ಕಾನೂನುಬದ್ಧ ಪೋಷಕನಾಗಿರುವ ವಿದ್ಯಾರ್ಥಿಗಾಗಿ ಸಾಲ ಪಡೆದವರಿಗೆ ಮಾತ್ರ ಅದು ಸಿಗುತ್ತದೆ. ತಮ್ಮನ ಬಡ್ಡಿ ಕಟ್ಟುವ ಅಕ್ಕನಿಗೆ ಸಿಗುವುದಿಲ್ಲ. ತಮ್ಮ ದುಡಿಯತೊಡಗಿ ತನ್ನ ಸಂಬಳದಿಂದ ಬಡ್ಡಿ ಕಟ್ಟುವ ವರ್ಷ ಅವನು ಅದನ್ನು ಕೇಳಬಹುದು. ಅದಕ್ಕೆ ಬ್ಯಾಂಕು ವರ್ಷಾಂತ್ಯದಲ್ಲಿ ಕೊಡುವ ಬಡ್ಡಿ ಪ್ರಮಾಣಪತ್ರ ಬೇಕು. ಕೊನೆಯ ಕಂತಿನ ನಂತರ ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ಪಡೆದು ಚೀಟಿಯ ಜೊತೆಗಿಟ್ಟರೆ ಸಾಲದ ಲೆಕ್ಕ ಚುಕ್ತಾ.