ದೂರು ಒಬ್ಬರದು, ಓದುವವರು ಹಲವರು

ಸಾಗರದ ಕಡೆಯ ಗೃಹಿಣಿಯೊಬ್ಬರು ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಫೇಸ್‌ಬುಕ್ ಪುಟದ ಮೂಲಕ ಮಾರುತ್ತಾರೆ ಎಂದಿಟ್ಟುಕೊಳ್ಳಿ. ಈ ಸಲದ ಉಪ್ಪಿನಕಾಯಿ ತಯಾರಿದೆ ಎಂದು ಭರಣಿಯ ಫೋಟೊ ಹಾಕಿದ ಸಂಜೆಯೇ ಕೆಳಗೊಂದು ಕಾಮೆಂಟು ಬರುತ್ತದೆ: “ಯಾರೂ ತಗೋಬೇಡಿ. ಹೋದ ತಿಂಗಳು ತರಿಸಿದ ಡಬ್ಬೀಲಿ ಬೂಷ್ಟು. ದುಡ್ಡು ದಂಡ.”

ಓದಿದ ತಕ್ಷಣ ಬೆರಳ ತುದಿಗೆ ಬರುವ ಉತ್ತರ ಒಂದೇ: “ನೀವು ಒದ್ದೆ ಚಮಚ ಹಾಕಿರಬೇಕು. ಇಷ್ಟು ವರ್ಷದಲ್ಲಿ ಯಾರೂ ಹೀಗೆ ಹೇಳಿಲ್ಲ.” ಅದು ನಿಜವೂ ಇರಬಹುದು. ನೀರಿನ ಪಸೆ ತಾಗಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ? ಆದರೂ ಈ ಉತ್ತರ ಬರೆಯಬಾರದು. ಡಬ್ಬಿಯನ್ನು ನೋಡದೆ ಹೇಳಿದ ಮಾತು ಅದು. ಮೇಲಾಗಿ ಅದನ್ನು ಓದುವವರು ದೂರು ಕೊಟ್ಟವರೊಬ್ಬರೇ ಅಲ್ಲ. ಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವ ಹತ್ತಾರು ಜನ ಸುಮ್ಮನೆ ಓದಿಕೊಂಡು ಹೋಗುತ್ತಾರೆ. ಉಪ್ಪಿನಕಾಯಿ ಕೆಟ್ಟಿತ್ತೋ ಇಲ್ಲವೋ ಎಂಬುದು ಅವರಿಗೆ ತಿಳಿಯುವುದಿಲ್ಲ. ನಾಳೆ ತಮ್ಮ ಡಬ್ಬಿ ಕೆಟ್ಟರೆ ಈ ಹೆಂಗಸು ತಮ್ಮ ಜೊತೆ ಹೇಗೆ ಮಾತಾಡುತ್ತಾರೆ ಎಂಬುದು ಮಾತ್ರ ತಿಳಿಯುತ್ತದೆ.

ಸಿಟ್ಟು ಇಳಿಯುವವರೆಗೆ ಫೋನನ್ನು ಬದಿಗಿಡಬೇಕು. ಹಾಗೆಂದು ಎರಡು ದಿನ ಸುಮ್ಮನಿದ್ದರೆ ಆ ಮೌನವೇ ಒಪ್ಪಿಗೆಯಾಗಿ ಕಾಣುತ್ತದೆ. ಅದೇ ದಿನ ರಾತ್ರಿಯೊಳಗೆ ಇಷ್ಟು ಬರೆದರೆ ಸಾಕು:

“ನಮಸ್ಕಾರ ಮೇಡಂ. ದುಡ್ಡು ಕೊಟ್ಟು ತರಿಸಿದ್ದು ಹೀಗಾದರೆ ಬೇಜಾರಾಗುತ್ತದೆ, ಕ್ಷಮಿಸಿ. ಸದ್ಯಕ್ಕೆ ಆ ಡಬ್ಬಿಯದನ್ನು ತಿನ್ನಬೇಡಿ. ಒಳಗಿನ ಫೋಟೊ, ಲೇಬಲ್ ಮೇಲಿರುವ ಬ್ಯಾಚ್ ನಂಬರ್ ಎರಡನ್ನೂ ಮೆಸೆಂಜರಿನಲ್ಲಿ ಕಳಿಸಿ. ನಾಳೆ ಸಂಜೆಯೊಳಗೆ ನೋಡಿ ಇಲ್ಲೇ ತಿಳಿಸುತ್ತೇನೆ.”

ಇಲ್ಲಿ ಕೇಳಿದ ಕ್ಷಮೆ ಅವರಿಗಾದ ತೊಂದರೆಗೆ; ತಪ್ಪು ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ. “ನಿಮಗೆ ಹಾಗನ್ನಿಸಿದ್ದರೆ ಕ್ಷಮಿಸಿ” ಎಂದು ಬರೆದರೆ ಮಾತ್ರ ಕ್ಷಮೆ ಕೇಳಿದಂತಾಗುವುದಿಲ್ಲ, ಅವರ ಮಾತನ್ನು ನಂಬಲಿಲ್ಲ ಎಂದು ಹೇಳಿದಂತಾಗುತ್ತದೆ. ಮುಂದಿನ ಮಾತುಕತೆಯನ್ನು ಮೆಸೆಂಜರಿಗೆ ಒಯ್ಯುವುದಕ್ಕೂ ಕಾರಣವಿದೆ. ವಿಳಾಸ, ಫೋನ್ ನಂಬರ್, ಹಣ ಕಳಿಸಿದ ವಿವರ ಎಲ್ಲರ ಕಣ್ಣಿಗೆ ಬೀಳಬಾರದು. “ನೀವು ಇಂಥ ಬಡಾವಣೆಗೆ ಎರಡು ಕಿಲೋ ತರಿಸಿದ್ದಿರಿ ಅಲ್ಲವೇ” ಎಂದು ವಾದದ ಭರದಲ್ಲಿ ಬರೆದವರು ಗಿರಾಕಿಯ ಖಾಸಗಿ ವಿಷಯವನ್ನು ಬಯಲು ಮಾಡಿದ್ದಾರೆ. ಅದು ಬೂಷ್ಟಿಗಿಂತ ದೊಡ್ಡ ತಪ್ಪು.

ಫೋಟೊ ಬಂದ ಮೇಲೆ ನಿಜವಾದ ಪರಿಶೀಲನೆ. ಬಿಳಿಯದ್ದೆಲ್ಲ ಬೂಷ್ಟಲ್ಲ. ಡಬ್ಬಿಯ ಅಂಚಿನಲ್ಲಿ ಹರಳು ಹರಳಾಗಿ ಕೂತು, ನೀರಿಗೆ ಹಾಕಿದರೆ ಕರಗುವುದು ಉಪ್ಪು. ಹತ್ತಿಯ ಎಳೆಯಂತೆ ನವಿರಾಗಿ, ಹಸಿರೋ ಕಪ್ಪೋ ತಿರುಗುತ್ತಿದ್ದರೆ ಅದು ಬೂಷ್ಟೇ. ಮೇಲಿನದನ್ನು ತೆಗೆದು ಉಳಿದದ್ದು ತಿನ್ನಿ ಎನ್ನುವಂತಿಲ್ಲ. ಫೋಟೊದಲ್ಲಿ ತಿಳಿಯದಿದ್ದರೆ ಅನುಮಾನದ ಲಾಭ ಗಿರಾಕಿಗೇ ಸಲ್ಲಬೇಕು. ಜೊತೆಗೆ ಅದೇ ಬ್ಯಾಚಿನ ಡಬ್ಬಿ ಮನೆಯಲ್ಲಿ ಉಳಿದಿದ್ದರೆ ಬಿಚ್ಚಿ ನೋಡಬೇಕು, ಅದೇ ಬ್ಯಾಚ್ ಕೊಂಡ ಇನ್ನಿಬ್ಬರಿಗೆ ಫೋನ್ ಮಾಡಿ ಕೇಳಬೇಕು. ಲೇಬಲ್ ಮೇಲೆ ಬ್ಯಾಚ್ ನಂಬರನ್ನೇ ಹಾಕದವರಿಗೆ ಈ ದಾರಿ ಇರುವುದಿಲ್ಲ. ಒಂದು ದೂರು ಬಂದರೆ ಇಡೀ ವರ್ಷದ ಉಪ್ಪಿನಕಾಯಿಯೇ ಅನುಮಾನಕ್ಕೆ ಬೀಳುತ್ತದೆ.

ಬಹಳ ಜನ ಎಡವುವುದು ಇದರ ನಂತರ. ಒಳಗೊಳಗೇ ಹಣ ವಾಪಸು ಕೊಟ್ಟು ಸುಮ್ಮನಾಗುತ್ತಾರೆ. ಹೊರಗೆ ದೂರು ಹಾಗೇ ನಿಂತಿರುತ್ತದೆ. ಕೊಟ್ಟ ಮಾತಿನಂತೆ ಅದೇ ಕಾಮೆಂಟಿನ ಕೆಳಗೆ ಮರಳಿ ಬರೆಯಬೇಕು: “ನೋಡಿದೆವು. ಮುಚ್ಚಳ ಸಡಿಲವಿದ್ದು ಗಾಳಿಯಾಡಿದೆ. ತಪ್ಪು ನಮ್ಮದು. ಹಣ ಇವತ್ತೇ ವಾಪಸು ಮಾಡಿದ್ದೇವೆ. ಈ ಬ್ಯಾಚಿನ ಡಬ್ಬಿ ಇರುವವರು ದಯವಿಟ್ಟು ಒಮ್ಮೆ ನೋಡಿಕೊಂಡು ತಿಳಿಸಿ.” ತಪ್ಪು ನಿಮ್ಮದಲ್ಲವೆಂದು ಖಚಿತವಾದರೂ ದನಿ ಬದಲಾಗಬಾರದು: “ಫೋಟೊದಲ್ಲಿ ಕಂಡದ್ದು ಉಪ್ಪಿನ ಹರಳು. ಆದರೂ ಸಮಾಧಾನವಾಗದಿದ್ದರೆ ಡಬ್ಬಿ ವಾಪಸು ಕಳಿಸಿ, ಖರ್ಚು ನಮ್ಮದು.” ಅವರು ಆಮೇಲೂ ಜಗಳಕ್ಕೆ ನಿಂತರೆ ಮತ್ತೆ ಉತ್ತರಿಸುವ ಅಗತ್ಯವಿಲ್ಲ. ನಿಮ್ಮ ಪರವಾಗಿ ಜಗಳಕ್ಕಿಳಿಯುವ ನೆಂಟರಿಷ್ಟರಿಗೂ ಬೇಡವೆಂದು ಹೇಳಿ.

ದೂರನ್ನು ಅಳಿಸಲೇಬೇಡಿ. ಅಳಿಸಿದರೆ ಅದರ ಸ್ಕ್ರೀನ್‌ಶಾಟ್ ಬೇರೆಡೆ ಓಡಾಡುತ್ತದೆ, ಜೊತೆಗೆ “ಅಳಿಸಿದರು” ಎಂಬ ಎರಡನೇ ದೂರೂ ಸೇರಿಕೊಳ್ಳುತ್ತದೆ. ಬೈಗುಳ, ಜಾತಿನಿಂದನೆ, ಬೆದರಿಕೆ ಬಂದಾಗ ಮಾತ್ರ ಮೊದಲು ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಮೇಲೆ ತೆಗೆಯಿರಿ, ಬೆದರಿಕೆಯಾದರೆ ಪೊಲೀಸರಿಗೂ ತಿಳಿಸಿ. ಒರಟಾಗಿ ಬರೆದರೂ ಡಬ್ಬಿಯ ಬಗ್ಗೆಯೇ ಬರೆದವರು ಗಿರಾಕಿಗಳು, ಅವರಿಗೆ ಉತ್ತರ ಕೊಡಲೇಬೇಕು.